ಚುಕ್ಕೆ ಹೋಗಿ ಮಠ ಮರವಾದ ಕತೆ: ಔಟ್‌ಲೈನ್, ಶೇಡ್, ಶ್ಯಾಡೋ ಬಗ್ಗೆ

ಉಡುಪಿಯಲ್ಲಿ ಬ್ಯಾನರ್ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ನಾನು ಡಿಸೈನ್ ಕೆಲಸ ಮಾಡುತ್ತೇನೆ. ದೀಪಾವಳಿ ಕಳೆದ ಮೇಲೆ ನಮಗೆ ಬಿಡುವೇ ಇಲ್ಲ. ಯಕ್ಷಗಾನ, ನೇಮ, ಬ್ರಹ್ಮಕಲಶೋತ್ಸವ, ಶಾಲೆ ವಾರ್ಷಿಕೋತ್ಸವ, ಎಲ್ಲ ಒಟ್ಟಿಗೆ ಬರುತ್ತವೆ. ಅಂಥ ಒಂದು ಸೀಸನ್ನಿನಲ್ಲಿ ನನ್ನಿಂದ ಆದ ತಪ್ಪಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಅಕ್ಷರಕ್ಕೆ ಔಟ್‌ಲೈನ್ ಹಾಕುವವರಿಗೆಲ್ಲ ಇದು ಉಪಯೋಗಕ್ಕೆ ಬರಬಹುದು.

ಒಂದು ಉತ್ಸವಕ್ಕೆ ಸ್ವಾಗತದ ದೊಡ್ಡ ಬ್ಯಾನರ್ ಮತ್ತು ಆರು ದಾರಿ ಬೋರ್ಡು ಬೇಕಿತ್ತು. ಬ್ಯಾನರಿನ ಅಕ್ಷರ ಸುಮಾರು 30 ಸೆಂಟಿಮೀಟರ್ ಎತ್ತರ. ಹಳದಿ ಹಿನ್ನೆಲೆ, ಬಿಳಿ ಅಕ್ಷರ, ಸುತ್ತ 12 ಮಿಲಿಮೀಟರ್ ಕೆಂಪು ಔಟ್‌ಲೈನ್. ಬಿಳಿ ಮತ್ತು ಹಳದಿ ಎರಡೂ ತಿಳಿ ಬಣ್ಣ, ಆದ್ದರಿಂದ ಔಟ್‌ಲೈನ್ ಬೇಕೇ ಬೇಕಿತ್ತು. ಚೆನ್ನಾಗಿಯೇ ಬಂತು. ಅದರ ಅಕ್ಷರಗಳನ್ನೇ ಕಾಪಿ ಮಾಡಿ, ಮೂರನೇ ಒಂದು ಭಾಗಕ್ಕೆ ಇಳಿಸಿ, ದಾರಿ ಬೋರ್ಡು ಮಾಡಿದೆ. ಬೋರ್ಡಿನಲ್ಲಿ ಇದ್ದದ್ದು ಎರಡೇ ಸಾಲು: "ಅನ್ನಸಂತರ್ಪಣೆ" ಮತ್ತು "ಮಠದ ಹಿಂಭಾಗ".

ಮರುದಿನ ಮಧ್ಯಾಹ್ನ ಸ್ವಯಂಸೇವಕರೊಬ್ಬರ ಫೋನ್ ಬಂತು. "ಎಂತ ಬರ್ದಿದ್ದೀರಿ ಮಾರಾಯ್ರೆ? ಜನ ಎಲ್ಲ ಅಶ್ವತ್ಥ ಮರದ ಹಿಂದೆ ಹೋಗಿ ನಿಂತಿದ್ದಾರೆ." ನಾನು ನಂಬಲಿಲ್ಲ. ಫೈಲ್ ತೆಗೆದು ನೋಡಿದೆ. "ಮಠದ" ಅಂತಲೇ ಇತ್ತು. ಬೈಕ್ ಹತ್ತಿ ಅಲ್ಲಿಗೇ ಹೋದೆ. ಗದ್ದೆಯ ಬದಿಯಲ್ಲಿ ವಯಸ್ಸಾದ ದಂಪತಿ ಬಿಸಿಲಿನಲ್ಲಿ ನಿಂತಿದ್ದರು. "ಮರದ ಹಿಂದೆ ಊಟ ಅಂತ ಬೋರ್ಡಲ್ಲಿ ಉಂಟಲ್ಲ, ಇಲ್ಲಿ ಯಾರೂ ಇಲ್ಲ" ಅಂದರು ಆ ಅಜ್ಜಿ. ನಾನು ತಲೆ ಎತ್ತಿ ಬೋರ್ಡು ನೋಡಿದೆ. ದೂರದಿಂದ ಅದು ನಿಜಕ್ಕೂ "ಮರದ ಹಿಂಭಾಗ" ಅಂತಲೇ ಕಾಣುತ್ತಿತ್ತು. ಅವರನ್ನು ಊಟದ ಚಪ್ಪರದವರೆಗೆ ಕರೆದುಕೊಂಡು ಹೋಗಿ ಬಿಟ್ಟೆ. ಆಮೇಲೆ ಬೋರ್ಡಿನ ಹತ್ತಿರ ಬಂದು ಕೂತು ಅಳತೆ ತೆಗೆದೆ.

ಠ ಮತ್ತು ರ ನಡುವೆ ಇರುವ ವ್ಯತ್ಯಾಸ ಒಂದು ಚುಕ್ಕೆ ಮಾತ್ರ, ಅಲ್ವಾ? ದೊಡ್ಡ ಬ್ಯಾನರಿನಲ್ಲಿ ಆ ಚುಕ್ಕೆ 33 ಮಿಲಿಮೀಟರ್ ಅಗಲ ಇತ್ತು. ಬೋರ್ಡಿಗೆ ಇಳಿಸಿದಾಗ 11 ಆಯಿತು. ಆದರೆ ಔಟ್‌ಲೈನ್ ಇಳಿಯಲಿಲ್ಲ, 12 ಮಿಲಿಮೀಟರ್ ಹಾಗೆಯೇ ಉಳಿಯಿತು. ಕೋರೆಲ್ ಡ್ರಾದಲ್ಲಿ F12 ಒತ್ತಿದರೆ ಬರುವ Outline Pen ಕಿಟಕಿಯಲ್ಲಿ Scale with object ಎಂಬ ಆಯ್ಕೆ ಇದೆ. ಹಳೆಯ ವರ್ಷನ್‌ಗಳಲ್ಲಿ Scale with image ಅಂತ ಇರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಅಕ್ಷರವನ್ನು ಎಷ್ಟೇ ಹಿಗ್ಗಿಸಿ, ಕುಗ್ಗಿಸಿ, ಗೆರೆಯ ದಪ್ಪ ಬದಲಾಗುವುದಿಲ್ಲ. ನಾನು ಟಿಕ್ ಹಾಕಿರಲಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ಔಟ್‌ಲೈನ್ ಅಂದರೆ ಅಕ್ಷರದ ಹೊರಗೆ ಸುತ್ತುವ ಗೆರೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಬೇರೆ ಏನೂ ಹೇಳದಿದ್ದರೆ ಗೆರೆ ಅಕ್ಷರದ ಅಂಚಿನ ಮೇಲೆಯೇ ಕೂರುತ್ತದೆ. ಅರ್ಧ ಹೊರಗೆ, ಅರ್ಧ ಒಳಗೆ. 12 ಮಿಲಿಮೀಟರ್ ಗೆರೆಯಲ್ಲಿ 6 ಮಿಲಿಮೀಟರ್ ಅಕ್ಷರವನ್ನೇ ತಿನ್ನುತ್ತದೆ. ನನ್ನ ಚುಕ್ಕೆಯ ಅಂಚಿನಿಂದ ನಡುವಿಗೆ ಇದ್ದದ್ದೇ ಐದೂವರೆ. ಎಲ್ಲ ಬದಿಯಿಂದ 6 ಒಳಗೆ ಬಂದರೆ ಬಿಳಿ ಉಳಿಯುವುದು ಎಲ್ಲಿಂದ? ಚುಕ್ಕೆ ಪೂರ್ತಿ ಕೆಂಪಾಯಿತು. ಹೊರಗಿನ 6 ಸೇರಿ ಅದು 23 ಮಿಲಿಮೀಟರಿನ ಕೆಂಪು ಉಂಡೆಯಾಯಿತು. ಸುತ್ತಲಿನ ಬಳೆಯ ಔಟ್‌ಲೈನ್ ಕೂಡ ಒಳಕ್ಕೆ ಬಂದಿತ್ತು. ಎರಡರ ನಡುವೆ ಉಳಿದದ್ದು 2 ಮಿಲಿಮೀಟರಿನ ಹಳದಿ ಎಳೆ. ಹತ್ತು ಹೆಜ್ಜೆ ದೂರ ಹೋದರೆ ಆ ಎಳೆ ಕಾಣುವುದಿಲ್ಲ. ಬಿಳಿ ಬಳೆ, ಒಳಗೆಲ್ಲ ಕೆಂಪು. ಅದು ರ.

ದೊಡ್ಡ ಬ್ಯಾನರಿನಲ್ಲೂ ಇದೇ ಆಗಿತ್ತು, ಆದರೆ 33ರಲ್ಲಿ 12 ಹೋದರೂ 21 ಉಳಿಯಿತು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಅಂದು ತಕ್ಷಣಕ್ಕೆ ಮಾಡಿದ್ದು ಇಷ್ಟು. ಅಂಗಡಿಯಿಂದ ಬಿಳಿ ವಿನೈಲ್ ಸ್ಟಿಕ್ಕರ್ ತಂದು, 15 ಮಿಲಿಮೀಟರಿನ ಆರು ಚುಕ್ಕೆ ಕತ್ತರಿಸಿ, ಏಣಿ ಹಾಕಿ ಆರು ಬೋರ್ಡಿಗೂ ಅಂಟಿಸಿದೆ. ಕೆಳಗೆ ಬಂದು ನೋಡಿದರೆ ಮಠ ವಾಪಸ್ ಬಂದಿತ್ತು. ಅಷ್ಟು ಸಣ್ಣ ಬಿಳಿ ಕಾಗದದ ಮೇಲೆ ಅಷ್ಟು ಜನರ ದಾರಿ ನಿಂತಿತ್ತಲ್ಲ ಅಂತ ಅನ್ನಿಸಿ ನನಗೆ ತುಂಬಾ ಬೇಜಾರಾಯಿತು.

ರಾತ್ರಿ ಫೈಲ್ ಸರಿ ಮಾಡಿದೆ. Outline Pen ಕಿಟಕಿಯಲ್ಲೇ Behind fill ಅಂತ ಇನ್ನೊಂದು ಟಿಕ್ ಇದೆ. ಹಾಕಿದರೆ ಗೆರೆ ಅಕ್ಷರದ ಹಿಂದೆ ಹೋಗುತ್ತದೆ. ಒಳಗಿನ ಅರ್ಧ ಮುಚ್ಚಿಹೋಗುತ್ತದೆ, ಹೊರಗಿನ ಅರ್ಧ ಮಾತ್ರ ಕಾಣುತ್ತದೆ. ಅಕ್ಷರದ ಆಕಾರ ಹಾಗೆಯೇ ಉಳಿಯುತ್ತದೆ. ಗೆರೆಯನ್ನು 6 ಮಿಲಿಮೀಟರಿಗೆ ಇಳಿಸಿದೆ, ಹೊರಗೆ ಕಂಡದ್ದು 3. ಚುಕ್ಕೆ 11 ಮಿಲಿಮೀಟರ್ ಪೂರ್ತಿ ಬಿಳಿ. ಅದರ ಸುತ್ತ 8 ಮಿಲಿಮೀಟರ್ ಹಳದಿ ಜಾಗ. ಫೋಟೋಶಾಪಿನಲ್ಲಿ ಮಾಡುವವರು Stroke ಸ್ಟೈಲಿನಲ್ಲಿ Position ನೋಡಿಕೊಳ್ಳಿ, ಅದು Outside ಇರಬೇಕು. ವೆಬ್ ಪೇಜ್ ಮಾಡುವ ನನ್ನ ತಮ್ಮನಿಗೂ ಇದೇ ತೊಂದರೆ ಆಗಿತ್ತು. ಅಲ್ಲಿ ಇದನ್ನು ಹೀಗೆ ಬರೆಯಬೇಕು:

```css
h1 {
  -webkit-text-stroke: 4px #b00000;
  paint-order: stroke fill;
}
```

ಎರಡನೇ ಸಾಲು ಬಿಟ್ಟರೆ ಗೆರೆ ಅಕ್ಷರದ ಮೇಲೆ ಬಂದು ಕೂರುತ್ತದೆ.

ಆದರೆ ಗೆರೆಯನ್ನು ಹಿಂದೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಅಲ್ಲ. ಹೊರಕ್ಕೆ ಬೆಳೆದ ಗೆರೆ ಅಕ್ಷರದ ಒಳಗಿನ ಖಾಲಿ ಜಾಗವನ್ನು ತುಂಬುತ್ತಲೇ ಇರುತ್ತದೆ. ಕನ್ನಡದಲ್ಲಿ ಅರ್ಥ ಕೂತಿರುವುದು ಬಹಳ ಸಲ ಆ ಸಣ್ಣ ಜಾಗಗಳಲ್ಲೇ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ, ಇವನ್ನು ಬೇರೆ ಮಾಡುವುದು ಕೆಳಗಿನ ಒಂದು ಪುಟ್ಟ ಗೀಟು. ಅದರ ಎರಡೂ ಬದಿ ಔಟ್‌ಲೈನ್ ತುಂಬಿಕೊಂಡರೆ ಧನ ಯಾವುದು, ದನ ಯಾವುದು ಅಂತ ಹೇಳುವುದು ಕಷ್ಟ. ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಚೆನ್ನಾಗಿ ಕಂಡ ದಪ್ಪವನ್ನೇ ಅದೇ ಅಳತೆಯ ಕನ್ನಡಕ್ಕೆ ಹಾಕಬಾರದು ಅನ್ನುವುದು ಇದಕ್ಕೇ. ನಾನೀಗ ಗೆರೆಯ ದಪ್ಪ ತೀರ್ಮಾನಿಸುವಾಗ ಅಕ್ಷರದ ಎತ್ತರ ನೋಡುವುದಿಲ್ಲ. ಆ ಸಾಲಿನಲ್ಲಿರುವ ಅತಿ ಸಣ್ಣ ಖಾಲಿ ಜಾಗ ಹುಡುಕಿ ಅಳೆಯುತ್ತೇನೆ. ಔಟ್‌ಲೈನ್ ಬಂದ ಮೇಲೂ ಅದರಲ್ಲಿ ಅರ್ಧದಷ್ಟು ಖಾಲಿ ಉಳಿಯಬೇಕು. ಅಷ್ಟು ಉಳಿಸಲು ಆಗದಿದ್ದರೆ ಪೂರ್ತಿ ತುಂಬಿಸಿಬಿಡುವುದು ಒಳ್ಳೆಯದು, ಕೆಂಪು ಹಾಸಿನ ಮೇಲೆ ಬಿಳಿ ಅಕ್ಷರ ಇಟ್ಟ ಹಾಗೆ. ನಡುವಿನ 2 ಮಿಲಿಮೀಟರ್ ಎಳೆಗಳೇ ಕಣ್ಣಿಗೆ ಕಿರಿಕಿರಿ ಕೊಡುವುದು. ಬಟ್ಟೆಯ ಬ್ಯಾನರಿನಲ್ಲಿ ಇಂಕ್ ಸ್ವಲ್ಪ ಹರಡುತ್ತದೆ, ಅಲ್ಲಿ ಅವು ಮುಚ್ಚಿಯೇ ಹೋಗುತ್ತವೆ.

ಈ ಕಣ್ಣಿನಿಂದ ನೋಡಲು ಶುರು ಮಾಡಿದ ಮೇಲೆ ಗ್ರೇಡಿಯಂಟ್ ಕೂಡ ಬೇರೆ ಥರ ಕಾಣತೊಡಗಿತು. ನಮ್ಮಲ್ಲಿ ಅದನ್ನು ಶೇಡ್ ಅನ್ನುತ್ತಾರೆ. ಮೇಲೆ ಹಳದಿ, ಕೆಳಗೆ ಕೆಂಪು, ಹಿಂದೆ ಮರೂನ್. ಯಕ್ಷಗಾನದ ಪೋಸ್ಟರಿನಿಂದ ಹಿಡಿದು ಬ್ರಹ್ಮಕಲಶದ ಬ್ಯಾನರಿನವರೆಗೆ ಎಲ್ಲರೂ ಕೇಳುವುದು ಇದನ್ನೇ. ಎರಡು ಬಣ್ಣಗಳ ನಡುವಿನ ವ್ಯತ್ಯಾಸಕ್ಕೆ ಒಂದು ಲೆಕ್ಕ ಇದೆ. ಎರಡೂ ಒಂದೇ ಆದರೆ 1, ಬಿಳಿಯ ಮೇಲೆ ಕಪ್ಪು ಆದರೆ 21. ವೆಬ್ ಪೇಜುಗಳಿಗೆ ಮಾಡಿದ WCAG ನಿಯಮದ ಪ್ರಕಾರ ದೊಡ್ಡ ಅಕ್ಷರಕ್ಕೂ ಕನಿಷ್ಠ 3 ಇರಬೇಕು. ಸ್ಕ್ರೀನಿನ ಅಚ್ಚ ಹಳದಿ #FFFF00 ಮರೂನ್ #800000 ಮೇಲೆ 10ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಚ್ಚ ಕೆಂಪು #FF0000 ಅದೇ ಮರೂನ್ ಮೇಲೆ ಬರೀ 2.7. ಅಂದರೆ ಒಂದೇ ಅಕ್ಷರದ ತಲೆ ಚೆನ್ನಾಗಿ ಕಾಣುತ್ತದೆ, ಕಾಲು ಮುಳುಗುತ್ತದೆ.

ಕನ್ನಡದಲ್ಲಿ ಕಾಲಿನ ಜಾಗದಲ್ಲಿ ಇರುವುದು ಒತ್ತಕ್ಷರ! "ಬ್ರಹ್ಮಕಲಶೋತ್ಸವ" ಬರೆದು ನೋಡಿ. ರ ಒತ್ತು, ಮ ಒತ್ತು, ಸ ಒತ್ತು, ಮೂರೂ ಸಾಲಿನ ಕೆಳಗೆ. ಶೇಡ್ ಹಾಕಿದಾಗ ಬಣ್ಣ ಇಡೀ ಪದದ ತುದಿಯಿಂದ ಬುಡಕ್ಕೆ ಹರಡುತ್ತದೆ. ಒತ್ತುಗಳಿಗೆ ಸಿಗುವುದು ಅತಿ ಕಡು ಬಣ್ಣ. ಗಾತ್ರದಲ್ಲಿ ಮೊದಲೇ ಸಣ್ಣವು, ಮೇಲಿಂದ ಬಣ್ಣವೂ ಹಿನ್ನೆಲೆಯೊಂದಿಗೆ ಬೆರೆತರೆ ಓದುವವರು ಅಂದಾಜಿನಲ್ಲೇ ಓದಬೇಕು. ಗೊತ್ತಿರುವ ಪದವಾದರೆ ಓದಿಕೊಳ್ಳುತ್ತಾರೆ. ಊರಿನ ಹೆಸರು, ಮನೆ ಹೆಸರು, ಕಲಾವಿದರ ಹೆಸರು ಆದರೆ ತಪ್ಪಾಗುತ್ತದೆ.

ಶೇಡ್ ಬೇಡ ಅಂತ ನಾನು ಹೇಳುವುದಿಲ್ಲ. ಕೆಳಗಿನ ಬಣ್ಣವನ್ನು ಕೆಂಪಿನ ಬದಲು ಕಿತ್ತಳೆಗೆ ನಿಲ್ಲಿಸುತ್ತೇನೆ. #FFA500 ಇಟ್ಟರೆ ಮರೂನ್ ಮೇಲೆ ಐದೂವರೆ ಬರುತ್ತದೆ. ನೋಡಲು ಅದೇ ಬೆಂಕಿಯ ಬಣ್ಣ, ಗಿರಾಕಿಗೂ ಖುಷಿ. ಪ್ರಿಂಟಿನಲ್ಲಿ ಸ್ಕ್ರೀನಿನಷ್ಟು ಹೊಳಪು ಇರುವುದಿಲ್ಲ, ಹಾಗಾಗಿ 3ಕ್ಕೆ ತಾಗಿಸಿ ಬಿಡದೆ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳುತ್ತೇನೆ. ಸುಲಭದ ಪರೀಕ್ಷೆ ಬೇಕಾದರೆ ಡಿಸೈನನ್ನು ಕಪ್ಪು ಬಿಳುಪು ಮಾಡಿ ನೋಡಿ. ಒತ್ತು ಎಲ್ಲಿ ಮಾಯವಾಗುತ್ತದೆ ಅಂತ ಕೂಡಲೇ ಗೊತ್ತಾಗುತ್ತದೆ.

ಶ್ಯಾಡೋ ಕೂಡ ಸಾಮಾನ್ಯವಾಗಿ ಕೆಳಗೆ ಬಲಕ್ಕೆ ಬೀಳುತ್ತದೆ, ಅಂದರೆ ಅಕ್ಷರ ಮತ್ತು ಒತ್ತಿನ ನಡುವಿನ ಸಂದಿಯಲ್ಲಿ. ಗಟ್ಟಿ ಅಂಚಿನ ಶ್ಯಾಡೋ ಆದರೆ ಇನ್ನೊಂದು ಅಕ್ಷರ ಹಿಂದೆ ನಿಂತ ಹಾಗೆ ಕಾಣುತ್ತದೆ. ಫೋಟೋ ಮೇಲೆ ಬಿಳಿ ಅಕ್ಷರ ಬರೆಯಲೇಬೇಕಾದಾಗ ಮಾತ್ರ ನಾನು ಬಳಸುತ್ತೇನೆ. ಅದೂ ದೂರ ಸೊನ್ನೆ ಇಟ್ಟು, ಅಕ್ಷರದ ಹಿಂದೆಯೇ ಮಂಜಿನ ಹಾಗೆ ಹರಡುವ ಕಪ್ಪು. ಅದಕ್ಕಿಂತ ಒಂದು ಕಡು ಬಣ್ಣದ ಪಟ್ಟಿ ಹಾಕುವುದೇ ಎಷ್ಟೋ ವಾಸಿ.

ಇನ್ನು ದೂರದ ಪರೀಕ್ಷೆ. ಅಂದು ನಾನು ಫೈಲನ್ನು ಸ್ಕ್ರೀನ್ ತುಂಬ ದೊಡ್ಡದಾಗಿ ಮಾಡಿ ನೋಡಿದ್ದೆ. ಅಲ್ಲಿ 2 ಮಿಲಿಮೀಟರಿನ ಹಳದಿ ಎಳೆಯೂ ಚೆನ್ನಾಗಿಯೇ ಕಂಡಿತ್ತು. ಈಗ ಲೆಕ್ಕ ಹಾಕುತ್ತೇನೆ. ಬೋರ್ಡಿನ ಅಕ್ಷರ 10 ಸೆಂಟಿಮೀಟರ್, ರಸ್ತೆಯಿಂದ ನೋಡುವವರು 30 ಮೀಟರ್ ದೂರ. ಅಂದರೆ ದೂರ ಅಕ್ಷರದ 300 ಪಟ್ಟು. ನಾನು ಮಾನಿಟರಿನಿಂದ 60 ಸೆಂಟಿಮೀಟರ್ ದೂರ ಕೂರುತ್ತೇನೆ. ಅದನ್ನು 300ರಿಂದ ಭಾಗಿಸಿದರೆ 2 ಮಿಲಿಮೀಟರ್. ಅಕ್ಷರ ಸ್ಕ್ರೀನಿನ ಮೇಲೆ 2 ಮಿಲಿಮೀಟರ್ ಆಗುವವರೆಗೆ ಝೂಮ್ ಇಳಿಸುತ್ತೇನೆ. ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಆ ವಾಕ್ಯ ಗೊತ್ತಿಲ್ಲದ ಇನ್ನೊಬ್ಬರನ್ನು ಕರೆದು ಓದಿಸುತ್ತೇನೆ. ನಾನು ಓದಿದರೆ ಪ್ರಯೋಜನ ಇಲ್ಲ, ಏನು ಬರೆದಿದ್ದೇನೆ ಅಂತ ನನಗೆ ಮೊದಲೇ ಗೊತ್ತಿರುತ್ತದಲ್ಲ. ನಮ್ಮಲ್ಲಿ ಲ್ಯಾಮಿನೇಷನ್ ಮಾಡುವ ಅಕ್ಕ ಈ ಕೆಲಸ ಮಾಡಿಕೊಡುತ್ತಾರೆ. ಅವರು ಒಂದು ಕ್ಷಣ ತಡೆದರೂ ನಾನು F12 ಒತ್ತುತ್ತೇನೆ.

ಮುಂದಿನ ವರ್ಷ ಅದೇ ಉತ್ಸವದವರು ಮತ್ತೆ ನಮ್ಮಲ್ಲಿಗೇ ಬಂದರು. ಸ್ವಾಗತದ ಬ್ಯಾನರಿಗೆ ದಪ್ಪ ಕೆಂಪು ಔಟ್‌ಲೈನೇ ಬೇಕು ಅಂದರು, ಹಾಕಿಕೊಟ್ಟೆ. ದಾರಿ ಬೋರ್ಡಿಗೆ ಮಾತ್ರ ಔಟ್‌ಲೈನ್, ಶೇಡ್, ಶ್ಯಾಡೋ ಯಾವುದೂ ಬೇಡ ಅಂತ ಕೇಳಿಕೊಂಡೆ. ಕಡು ಕೆಂಪು ಹಿನ್ನೆಲೆ, ಬಿಳಿ ಅಕ್ಷರ, ಅಷ್ಟೇ. ಅಲ್ಲಿ ಠದ ಚುಕ್ಕೆಯನ್ನು 11ರಿಂದ 14 ಮಿಲಿಮೀಟರಿಗೆ ನಾನೇ ಕೈಯಾರೆ ದೊಡ್ಡದು ಮಾಡಿಟ್ಟೆ.