1408ಕ್ಕೆ ಉತ್ತರ, 1409ಕ್ಕೆ ಮೌನ: ತೋಟದ ಟನಲ್ ಕೊನೆಗೂ ಸರಿಹೋಯಿತು

ನಿನ್ನೆ ರಾತ್ರಿ ತೋಡಿನ ಫೋಟೋ ಪೂರ್ತಿ ಬಂತು. ಆರು ದಿನ ಕಾದಿದ್ದೆ.

ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ಮಳೆಮಾಪಕವೂ ತೋಡಿನ ನೀರು ನೋಡುವ ಕ್ಯಾಮೆರಾವೂ ಒಂದೇ ರಾಸ್ಪ್‌ಬೆರಿ ಪೈಗೆ ಸೇರಿವೆ. ಪೈಯಿಂದ ಬಾಡಿಗೆ ಸರ್ವರ್‌ಗೆ ವೈರ್‌ಗಾರ್ಡ್ ಟನಲ್ ಇದೆ. ಜೋಡಿಸಿದ ಕಥೆ ಬೇಡ, ನಿಮಗೆಲ್ಲ ಗೊತ್ತಿರುವುದೇ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಒಂದು ದಿನ ಜೋರು ಗಾಳಿಮಳೆಗೆ ಕರೆಂಟ್ ಹೋಯಿತು. ಮರಳಿ ಬಂದಾಗ ಮಳೆಯ ಲೆಕ್ಕ ಬರುತ್ತಿತ್ತು, ಫೋಟೋ ಬರುತ್ತಿರಲಿಲ್ಲ. ಪಕ್ಕದ ತೋಟದವರು ಫೋನ್ ಮಾಡಿದರು: "ಏನಣ್ಣ, ಮಳೆ ಎಷ್ಟು ಸೆಂಟ್ ಅಂತ ಬರ್ತದೆ, ತೋಡು ಮಾತ್ರ ಕಾಣಲ್ವಲ್ಲ?"

ಪಿಂಗ್ ಹೋಗುತ್ತದೆ. ಎಸ್‌ಎಸ್‌ಎಚ್ ಒಳಗೆ ಬಿಡುತ್ತದೆ. ಫೋಟೋ ಕಳಿಸಲು ಹೊರಟರೆ ಸಂಪರ್ಕ ಸಿಗುತ್ತದೆ, ಆಮೇಲೆ ಸೊನ್ನೆಯಲ್ಲೇ ನಿಲ್ಲುತ್ತದೆ. ಕರೆಂಟ್ ಹೋದ ಮೇಲೆ ಶುರುವಾಗಿದ್ದಲ್ವಾ, ಹಾಗಾಗಿ ಮೊದಲು ಯುಪಿಎಸ್ ಬೋರ್ಡ್ ಮೇಲೆ ಅನುಮಾನ ಬಂತು. ಹೊಸದು ತರಿಸಿದೆ. ಅಂಗಡಿಯವರು ಬೇರೆ ಮಾದರಿಯದ್ದು ಕಳಿಸಿದರು, ವಾಪಸ್ ಕಳಿಸುವ ಖರ್ಚೂ ನನ್ನದೇ ಎಂದರು. ಎರಡು ದಿನ ಅದರಲ್ಲೇ ಹೋಯಿತು. ಕೇಬಲ್ ಬದಲಿಸಿದ್ದೂ ಸುಮ್ನೆ.

ಸಣ್ಣದು ಹೋಗಿ ದೊಡ್ಡದು ನಿಂತರೆ ಅಳತೆಯನ್ನೇ ನೋಡಬೇಕು. ಪ್ಯಾಕೆಟ್ ಒಡೆಯಬಾರದು ಎಂದು ಹೇಳಿ, ಗಾತ್ರ ಏರಿಸುತ್ತಾ ಪಿಂಗ್ ಮಾಡಿದೆ.

```
ping -M do -c 3 -s 1380 10.8.0.1
ping -M do -c 3 -s 1381 10.8.0.1
```

ಮೊದಲನೆಯದಕ್ಕೆ ಉತ್ತರ ಬಂತು. ಎರಡನೆಯದಕ್ಕೆ ಬರೀ ಮೌನ. ಹೆಡರ್‌ಗಳ 28 ಬೈಟ್ ಸೇರಿಸಿದರೆ 1408 ದಾಟುತ್ತದೆ, 1409 ದಾಟುವುದಿಲ್ಲ. ಟನಲ್‌ನ ಎಂಟಿಯು 1420 ಇದೆ. ಅದನ್ನೇ ಮೀರಿದ್ದರೆ ಪೈ ಕೂಡಲೇ ದೋಷ ತೋರಿಸುತ್ತಿತ್ತು. ಮೌನ ಎಂದರೆ ಪ್ಯಾಕೆಟ್ ಹೊರಟಿದೆ, ದಾರಿಯಲ್ಲಿ ಬಿದ್ದಿದೆ.

ಆಗ `wg show` ನೋಡಿದೆ. ಸರ್ವರ್ ವಿಳಾಸದ ಜಾಗದಲ್ಲಿ ಐಪಿವಿ6 ವಿಳಾಸ ಇತ್ತು! ಹದಿನೈದು ದಿನದ ಹಿಂದೆ ಸರ್ವರ್ ಹೆಸರಿಗೆ ಐಪಿವಿ6 ದಾಖಲೆಯನ್ನೂ ಸೇರಿಸಿದ್ದೆ. ವೈರ್‌ಗಾರ್ಡ್ ಶುರುವಾಗುವಾಗ ಮಾತ್ರ ಹೆಸರನ್ನು ವಿಳಾಸ ಮಾಡಿಕೊಳ್ಳುತ್ತದೆ. ಅಲ್ಲಿವರೆಗೆ ಹಳೆಯ ವಿಳಾಸದಲ್ಲೇ ಓಡುತ್ತಿತ್ತು. ಕರೆಂಟ್ ಹೋಗಿ ಪೈ ಮತ್ತೆ ಶುರುವಾದಾಗ ದಾರಿ ಬದಲಾಯಿತು.

ಐಪಿವಿ4 ಮೇಲೆ ವೈರ್‌ಗಾರ್ಡ್ ಹೊದಿಕೆ 60 ಬೈಟ್. 1420ಕ್ಕೆ ಸೇರಿಸಿದರೆ 1480. ನಮ್ಮ ಫೈಬರ್ ಪಿಪಿಪಿಒಇ, ಅದರ ಮಿತಿ 1492, ಹಾಗಾಗಿ ಸಲೀಸಾಗಿ ಹೋಗುತ್ತಿತ್ತು. ಐಪಿವಿ6 ಹೆಡರ್ 20 ಬೈಟ್ ದೊಡ್ಡದು, ಹೊದಿಕೆ 80 ಆಗುತ್ತದೆ. ಒಟ್ಟು 1500. ಎಂಟೇ ಬೈಟ್ ಜಾಸ್ತಿ. ಐಪಿವಿ6ನಲ್ಲಿ ದಾರಿಯ ರೂಟರ್ ಪ್ಯಾಕೆಟ್ ಒಡೆಯುವುದಿಲ್ಲ. ಅದನ್ನು ಬಿಸಾಡಿ, "ದೊಡ್ಡದಾಯಿತು" ಎಂದು ಕಳಿಸಿದವರಿಗೆ ತಿಳಿಸುತ್ತದೆ.

ಆ ಸುದ್ದಿ ಬಂದಿತ್ತಾ? `tcpdump -ni eth0 icmp6` ಹಾಕಿ ಕಾದೆ. ಬರುತ್ತಿತ್ತು: `packet too big, mtu 1492`. ಆದರೆ ಪೈಯ ಫೈರ್‌ವಾಲ್ ಅದನ್ನು ಒಳಗೆ ಬಿಡುತ್ತಿರಲಿಲ್ಲ. ಅಕ್ಕಪಕ್ಕದ ಸಾಧನ ಹುಡುಕುವ ಸಂದೇಶಗಳಿಗೆ ಮಾತ್ರ ನಾನು ಅನುಮತಿ ಬರೆದಿದ್ದೆ. ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮೊದಲೇ ನೋಡುವುದರಿಂದ ಇದು ಕಣ್ಣಿಗೆ ಬಿತ್ತು. ಆ ಸಂದೇಶಕ್ಕೂ ದಾರಿ ಬಿಟ್ಟೆ.

ಆದರೂ ಒಂದು ಲೆಕ್ಕ ಕೂಡಿ ಬರಲಿಲ್ಲ. 1492ರಿಂದ 80 ಕಳೆದರೆ 1412. ಹಾಗಿದ್ದರೆ 1409 ದಾಟಬೇಕಿತ್ತಲ್ವಾ? ಈ ನಾಲ್ಕು ಬೈಟ್ ನನ್ನ ಒಂದು ರಾತ್ರಿಯ ನಿದ್ದೆ ತಿಂದವು. ವೈರ್‌ಗಾರ್ಡ್ ಪ್ರತಿ ಪ್ಯಾಕೆಟನ್ನೂ 16ರ ಗುಣಕಕ್ಕೆ ಏರಿಸಿ ತುಂಬಿಸುತ್ತದೆ, ಆದರೆ ಟನಲ್ ಎಂಟಿಯು ಮೀರುವುದಿಲ್ಲ. 1408 ಎಂದರೆ ಸರಿಯಾಗಿ 88 ಹದಿನಾರುಗಳು, ಹಾಗೇ ಹೋಗುತ್ತದೆ. 1409 ಏರಿ 1424 ಆಗಬೇಕು, 1420ಕ್ಕೆ ನಿಲ್ಲುತ್ತದೆ. ಹೊರಗೆ ಮತ್ತೆ ಅದೇ 1500. ಪಿಂಗ್ ತೋರಿಸಿದ 1408ನ್ನೇ ಹಾಕಿದ್ದರೂ ಕೆಲಸ ಆಗುತ್ತಿತ್ತು, ಆದರೆ ನಿಜವಾದ ಮಿತಿ 1412. ಎಂಟಿಯುವನ್ನೇ ಅಷ್ಟಕ್ಕೆ ಇಳಿಸಿದರೆ ತುಂಬಿಸುವುದೂ ಅಲ್ಲಿಗೇ ನಿಲ್ಲುತ್ತದೆ. ಎರಡೂ ತುದಿಯಲ್ಲಿ ಹೀಗೆ ಬರೆದೆ:

```
[Interface]
MTU = 1412
```

ಈಗ `-s 1384` ದಾಟುತ್ತದೆ. 1385 ಕೊಟ್ಟರೆ ಮೌನ ಇಲ್ಲ, ಪೈಯೇ ಕೂಡಲೇ ದೋಷ ಹೇಳುತ್ತದೆ. ಟಿಸಿಪಿಯ ಎಂಎಸ್‌ಎಸ್ ಮಾತ್ರ ಇಳಿಸುವ ದಾರಿಯೂ ಇತ್ತು. ಅದು ಟಿಸಿಪಿಗಷ್ಟೇ ಆಗುತ್ತದೆ, ಯುಡಿಪಿಗೆ ಉಪಯೋಗವಿಲ್ಲ. ಅದಕ್ಕೇ ಬಿಟ್ಟೆ.

ಇದರ ಮಧ್ಯೆ ಮುಂದಿನ ಕೆಲಸವೂ ತಲೆಗೆ ಹತ್ತಿದೆ. ತೋಟದ ಮೇಲಿನ ಬಾಣೆಯಲ್ಲಿ ಲೋರಾ ರೇಡಿಯೋದ ಇನ್ನೊಂದು ಮಳೆಮಾಪಕ, 865 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಒಂದು ಸಂದೇಶಕ್ಕೆ ಹನ್ನೆರಡು ಬೈಟ್ ಸಾಕು. ಆಂಟೆನಾ ಬಂದಿದೆ, ಡಬ್ಬಿ ಇನ್ನೂ ಬಂದಿಲ್ಲ, ಮಾರುವವರು ಮೂರು ವಾರದಿಂದ "ನಾಳೆ" ಎನ್ನುತ್ತಿದ್ದಾರೆ.

ಬೆಳಿಗ್ಗೆ ಪಕ್ಕದ ತೋಟದವರಿಗೆ ಫೋಟೋ ಕಳಿಸಿದೆ. ತೋಡಿನ ನೀರು ಕಾಲುಸಂಕದಿಂದ ಎರಡು ಅಡಿ ಕೆಳಗಿತ್ತು.