ದಕ್ಕೆಯಲ್ಲಿ ತೂಕ ನೋಡಬೇಡಿ, ಕೆಜಿಗೆ ಎಷ್ಟು ಮೀನು ನೋಡಿ

ಮಲ್ಪೆ ದಕ್ಕೆಯಲ್ಲಿ ಬೋಟಿನಿಂದ ಇಳಿಯುವ ಮೀನಿನ ಲೆಕ್ಕ ಬರೆಯೋದು ನನ್ನ ಕೆಲಸ. ಎಷ್ಟು ಟನ್ ಬಂತು ಅಂತ ಎಲ್ಲರೂ ಕೇಳ್ತಾರೆ. ಆದರೆ ಕಡಲಿನ ಸ್ಥಿತಿ ಟನ್ನಿನಲ್ಲಿ ಗೊತ್ತಾಗಲ್ಲ.

ಬಂಗುಡೆಯನ್ನೇ ತಗೊಳ್ಳಿ. 22 ಸೆಂ.ಮೀ. ಇದ್ದರೆ ಒಂದು ಮೀನು ಸುಮಾರು 100 ಗ್ರಾಂ, ಕೆಜಿಗೆ ಹತ್ತು ಬರುತ್ತೆ. 14 ಸೆಂ.ಮೀ. ಮರಿಯಾದರೆ 25 ಗ್ರಾಂ ಆಸುಪಾಸು, ಕೆಜಿಗೆ ನಲವತ್ತು. ಬುಟ್ಟಿಯಿಂದ ಒಂದು ಕೆಜಿ ತೆಗೆದು ಎಣಿಸಿದರೆ ಸಾಕು, ವಿಷಯ ತಿಳಿಯುತ್ತೆ. ಅನುಮಾನ ಇದ್ದರೆ ಹೊಟ್ಟೆ ಸೀಳಿ ನೋಡ್ತೇನೆ. ಮರಿಯಲ್ಲಿ ಮೊಟ್ಟೆಚೀಲ ದಾರದ ಹಾಗೆ ತೆಳ್ಳಗಿರುತ್ತೆ, ಅಂದರೆ ಅದು ಒಮ್ಮೆಯೂ ಮೊಟ್ಟೆ ಇಟ್ಟಿಲ್ಲ.

ಆ ನಲವತ್ತು ಮರಿಗಳನ್ನು ಬಿಟ್ಟಿದ್ದರೆ? ಎಲ್ಲವೂ ಉಳಿಯಲ್ಲ, ದೊಡ್ಡ ಮೀನುಗಳು ತಿಂತವೆ. ಅರ್ಧ ಹೋಯ್ತು ಅಂತಲೇ ಇಟ್ಕೊಳ್ಳಿ. ಉಳಿದ ಇಪ್ಪತ್ತು 100 ಗ್ರಾಂಗೆ ಬಂದರೂ ಎರಡು ಕೆಜಿ. ಅದೂ ಊಟಕ್ಕೆ ಮಾರುವ ಮೀನು, ರೇಟೇ ಬೇರೆ.

ಮರಿಗಳ ಗುಡ್ಡೆ ಮಾತ್ರ ಹರಾಜಿಗೇ ಬರಲ್ಲ. ನೇರ ಫಿಶ್‌ಮೀಲ್ ಲಾರಿಗೆ. ನಾಲ್ಕೈದು ಕೆಜಿ ಹಸಿ ಮೀನಿಗೆ ಒಂದು ಕೆಜಿ ಪುಡಿ ಸಿಗುತ್ತೆ, ಅದು ಸಿಗಡಿ ಮತ್ತು ಮೀನು ಸಾಕಣೆ ಕೆರೆಗಳ ಆಹಾರವಾಗುತ್ತೆ. ಬುಟ್ಟಿ ಹಿಡಿದು ಕಾಯುವ ಅಕ್ಕಂದಿರಿಗೆ ಅದರಲ್ಲಿ ಏನೂ ಇಲ್ಲ. "ಲಾರಿ ತುಂಬ್ತದೆ, ನಮ್ಮ ಬುಟ್ಟಿ ತುಂಬುದಿಲ್ಲ ಮಾರಾಯ್ರೆ" ಅಂತ ಒಬ್ಬರು ಅಂದಿದ್ದರು. ಟನ್ ಲೆಕ್ಕದಲ್ಲಿ ಆ ದಿನ ಒಳ್ಳೆಯ ದಿನವೇ!

ಮರಿ ಬಲೆಗೆ ಬೀಳದ ಹಾಗೆ ಮಾಡಬಹುದಲ್ವಾ? ಸ್ವಲ್ಪ ಮಟ್ಟಿಗೆ ಹೌದು. ಟ್ರಾಲ್ ಬಲೆಯ ಕೊನೆಯ ಚೀಲದಲ್ಲಿ ಮೀನು ತುಂಬಿ ಎಳೆತ ಜಾಸ್ತಿಯಾದಾಗ ಮಾಮೂಲಿ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತೆ. ಕಣ್ಣು ದೊಡ್ಡದಿದ್ದರೂ ಮರಿಗೆ ದಾರಿ ಇಲ್ಲ. ಚೌಕ ಕಣ್ಣು ತೆರೆದೇ ಇರುತ್ತೆ, ಮರಿ ನುಸುಳಿ ಹೋಗುತ್ತೆ. ಮರಿಗಳ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗೆ ಇದು ಉತ್ತರವಲ್ಲ. ಅಲ್ಲಿ ಬೋಟು ನಡೆಸುವ ತಾಂಡೇಲನೇ ಗುಂಪನ್ನು ಬಿಟ್ಟು ಮುಂದೆ ಹೋಗಬೇಕು.

ಆದರೆ ಅವನು ಯಾಕೆ ಬಿಡ್ತಾನೆ? ಜೂನ್, ಜುಲೈ ಎರಡು ತಿಂಗಳು ಬೋಟು ಕಟ್ಟಿ ಹಾಕಿ, ಆಗಸ್ಟ್‌ನಲ್ಲಿ ಸಾಲದ ಡೀಸೆಲ್ ಹಾಕಿಕೊಂಡು ಹೋಗಿರುತ್ತಾನೆ. ಮಳೆಗಾಲದಲ್ಲಿ ಹುಟ್ಟಿದ ಮರಿಗಳೂ ಆಗಲೇ ದಂಡಿಯಾಗಿ ಸಿಗೋದು. ಕೇಳಿದರೆ, "ನಾನು ಬಿಟ್ರೆ ಪಕ್ಕದ ಬೋಟಿನವ ಹಿಡೀತಾನೆ" ಅಂತಾನೆ. ತಪ್ಪು ಅನ್ನೋಕಾಗಲ್ಲ. ಒಬ್ಬನೇ ಬಿಟ್ಟರೆ ನಷ್ಟ ಅವನೊಬ್ಬನದು. ಹಾಗಾಗಿ ಕಡಲಲ್ಲಿ ಒಂದೊಂದೇ ಬೋಟನ್ನು ಹಿಡಿದು ನೋಡೋದಕ್ಕಿಂತ ಫಿಶ್‌ಮೀಲ್ ಕಾರ್ಖಾನೆಯ ಗೇಟಿನಲ್ಲಿ ಕೆಜಿಗೆ ಎಷ್ಟು ಮೀನು ಅಂತ ಎಣಿಸೋದು ಸುಲಭ ಅನ್ನೋದು ನನ್ನ ಅಭಿಪ್ರಾಯ. ಬೋಟುಗಳು ನೂರಾರು, ಗೇಟುಗಳು ಕೆಲವೇ. ಅಲ್ಲಿ ಮರಿ ಕೊಳ್ಳದಿದ್ದರೆ ಅದನ್ನು ಹಿಡಿದು ತರೋಕೆ ಯಾರೂ ಡೀಸೆಲ್ ಸುಡಲ್ಲ.