ಕಾರಿನ ಹಿಂಬದಿಯ CH: ಬಾಸೆಲ್‌ನಿಂದ ನಮ್ಮ ಕಡೆಯವರಿಗೆ

ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ನಿಂತವರಿಗೆ KA-63 ಊರಿನದು, KA-25 ಧಾರವಾಡದ್ದು, KA-26 ಗದಗಿನದು, KA-27 ಹಾವೇರಿಯದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಈಗ ಇರುವ ಬಾಸೆಲ್ ನಗರವು ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವ ಗಡಿಯಲ್ಲಿರುವುದರಿಂದ, ಇಲ್ಲಿ ಗಾಡಿಯ ಊರಿಗಿಂತ ಮೊದಲು ಅದರ ದೇಶವನ್ನು ಓದಬೇಕಾಗುತ್ತದೆ. ಅದಕ್ಕಿರುವ ಅತಿ ಹಳೆಯ ಸಾಧನವೆಂದರೆ ಕಾರಿನ ಹಿಂಬದಿಯಲ್ಲಿ ಅಂಟಿಸಿದ, ಬಿಳಿ ನೆಲದ ಮೇಲೆ ಕಪ್ಪು ಅಕ್ಷರಗಳಿರುವ ಅಂಡಾಕಾರದ ಸ್ಟಿಕರ್.

ಈ ಪದ್ಧತಿ 1909ರ ಪ್ಯಾರಿಸ್ ಒಪ್ಪಂದದಷ್ಟು ಹಳೆಯದು. ಆಗ ಅದು ಸ್ಟಿಕರ್ ಆಗಿರಲಿಲ್ಲ. 30 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರದ ಫಲಕವಾಗಿತ್ತು. ಇಂದು ಬಹುತೇಕ ಯುರೋಪು ಅನುಸರಿಸುವ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ, ಒಂದರಿಂದ ಮೂರರವರೆಗಿನ ದೊಡ್ಡ ಲ್ಯಾಟಿನ್ ಅಕ್ಷರಗಳಿರಬೇಕು, ಅವುಗಳ ಎತ್ತರ ಕನಿಷ್ಠ 8 ಸೆಂಟಿಮೀಟರ್ ಮತ್ತು ಗೆರೆಯ ದಪ್ಪ ಕನಿಷ್ಠ 1 ಸೆಂಟಿಮೀಟರ್ ಇರಬೇಕು. ಹಿಂದಿನ ಗಾಡಿಯವನು ಕಣ್ಣು ಕಿರಿದು ಮಾಡದೆ ಓದಬೇಕೆಂಬುದೇ ಈ ಅಳತೆಯ ಉದ್ದೇಶ.

ಹಾಗಿದ್ದರೂ ಇಲ್ಲಿಗೆ ಬರುವ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಕಾರುಗಳಲ್ಲಿ ಈ ಸ್ಟಿಕರ್ ಕಾಣುವುದು ಅಪರೂಪ. 1998ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟವು ಮಾಡಿದ ನಿಯಮದಂತೆ, ನಂಬರ್ ಪ್ಲೇಟಿನ ಎಡತುದಿಯ ನೀಲಿ ಪಟ್ಟಿಯಲ್ಲಿ ಹನ್ನೆರಡು ನಕ್ಷತ್ರಗಳ ಬಳೆ ಮತ್ತು ಅದರ ಕೆಳಗೆ ದೇಶದ ಅಕ್ಷರ ಇದ್ದರೆ, ಸದಸ್ಯ ರಾಷ್ಟ್ರಗಳು ಪರಸ್ಪರ ಅದನ್ನೇ ದೇಶದ ಗುರುತೆಂದು ಒಪ್ಪಿಕೊಳ್ಳಬೇಕು. ಸ್ವಿಟ್ಜರ್ಲೆಂಡ್ ಒಕ್ಕೂಟದ ಸದಸ್ಯನಲ್ಲ, ಅದರ ಪ್ಲೇಟಿನಲ್ಲಿ ನೀಲಿ ಪಟ್ಟಿಯೂ ಇಲ್ಲ. ಆದ್ದರಿಂದ ಗಡಿ ದಾಟುವ ಸ್ವಿಸ್ ಗಾಡಿಗೆ CH ಎಂಬ ಸ್ಟಿಕರ್ ಇಂದಿಗೂ ಬೇಕು. ಗಡಿ ದಾಟದೆ ಒಳಗೇ ಓಡಾಡುವ ಸ್ವಿಸ್ ಕಾರಿಗೆ ಅದು ಕಡ್ಡಾಯವಲ್ಲದ್ದರಿಂದ, ಸ್ಟಿಕರ್ ಇಲ್ಲವೆಂದ ಮಾತ್ರಕ್ಕೆ ಅದು ಪರದೇಶದ ಗಾಡಿ ಎಂದೂ ಹೇಳಲಾಗದು.

ಗದಗಿನಿಂದ ನಮ್ಮ ಕಾಕಾ ಬಂದಿದ್ದಾಗ ಪ್ರಾಟೆಲ್ನ್‌ನಲ್ಲಿ ಹೆದ್ದಾರಿಯ ಮೇಲೆ ಸೇತುವೆಯಂತೆ ಕಟ್ಟಿರುವ ವಿಶ್ರಾಂತಿ ತಾಣದಲ್ಲಿ ಚಹಾ ಕುಡಿಯಲು ನಿಂತಿದ್ದೆವು. ಉತ್ತರದಿಂದ ಗೊಟ್ಟಾರ್ಡ್ ಸುರಂಗದ ಮೂಲಕ ಇಟಲಿಗೆ ಹೋಗುವವರು ಈ ದಾರಿಯಲ್ಲೇ ಸಾಗುವುದರಿಂದ, ಗಾಡಿಗಳ ಗುರುತು ಓದಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಕಾಕಾ ಒಂದು ಬೂದುಬಣ್ಣದ ಕಾರನ್ನು ತೋರಿಸಿ, “ಏನಪಾ, ಪ್ಲೇಟಿನ ಮ್ಯಾಲ GR ಅಂತ ಐತಲ್ಲ, ಗ್ರೀಸ್‌ದಿಂದ ಇಲ್ಲೀತನಕ ಬಂದಾರೇನು?” ಎಂದು ಕೇಳಿದರು. ಪ್ರಶ್ನೆ ಸಹಜವಾಗಿತ್ತು, ಏಕೆಂದರೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗ್ರೀಸ್‌ನ ಗುರುತು GR ಎಂಬುದೇ ಸರಿ.

“ಕಾಕಾ, ಡಿಕ್ಕಿ ಮ್ಯಾಲ ನೋಡ್ರಿ” ಎಂದೆ. ಅಲ್ಲಿ ಅಂಡಾಕಾರದೊಳಗೆ CH ಇತ್ತು. ಆಮೇಲೆ ಪ್ಲೇಟನ್ನು ನಿಧಾನವಾಗಿ ಓದಿದೆವು. ಬಿಳಿ ಪ್ಲೇಟಿನ ಎಡಕ್ಕೆ ಕೆಂಪು ನೆಲದ ಮೇಲೆ ಬಿಳಿ ಶಿಲುಬೆಯ ಸ್ವಿಸ್ ಲಾಂಛನ, ನಂತರ GR, ಒಂದು ಚುಕ್ಕೆ, ಅಂಕಿಗಳು, ಬಲತುದಿಯಲ್ಲಿ ಕಾಡುಮೇಕೆಯಿರುವ ಇನ್ನೊಂದು ಲಾಂಛನ. ಆ ಎರಡನೆಯ ಲಾಂಛನ ಗ್ರೌಬ್ಯುಂಡನ್ ಎಂಬ ಕ್ಯಾಂಟನ್‌ನದು, ಅಂದರೆ ಸ್ವಿಟ್ಜರ್ಲೆಂಡಿನ ಪ್ರಾಂತ್ಯದ್ದು. GR ಅದರ ಸಂಕ್ಷೇಪ. ನಿಜವಾದ ಗ್ರೀಕ್ ಗಾಡಿಯಾಗಿದ್ದರೆ GR ನೀಲಿ ಪಟ್ಟಿಯೊಳಗಿರುತ್ತಿತ್ತು, ಪಕ್ಕದಲ್ಲಿ ಮೂರು ಅಕ್ಷರ ಮತ್ತು ನಾಲ್ಕು ಅಂಕಿಗಳಿರುತ್ತಿದ್ದವು.

ಇಂಥ ಗೊಂದಲ ಒಂದೇ ಅಲ್ಲ. ಸ್ವಿಸ್ ಪ್ಲೇಟಿನ GE ಜಿನೀವಾ, ಆದರೆ ಅಂಡಾಕಾರದಲ್ಲಿ GE ಎಂದರೆ ಜಾರ್ಜಿಯಾ. ಜರ್ಮನ್ ಪ್ಲೇಟಿನ ಮೊದಲಿನ S ಸ್ಟುಟ್‌ಗಾರ್ಟ್ ಊರಿನದು, ಅಂಡಾಕಾರದ S ಸ್ವೀಡನ್ನಿನದು. ಆದ್ದರಿಂದ ಅಕ್ಷರ ಯಾವುದೆಂಬುದಕ್ಕಿಂತ ಅದು ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು: ಅಂಡಾಕಾರದಲ್ಲಿ ಅಥವಾ ನೀಲಿ ಪಟ್ಟಿಯಲ್ಲಿದ್ದರೆ ದೇಶ, ನೋಂದಣಿ ಸಂಖ್ಯೆಯ ಸಾಲಿನಲ್ಲಿದ್ದರೆ ಸಾಮಾನ್ಯವಾಗಿ ಊರು ಅಥವಾ ಪ್ರಾಂತ್ಯ. ಮುಂದಿನಿಂದ ಬರುವ ಸ್ವಿಸ್ ಕಾರನ್ನು ಓದುವುದು ಇನ್ನೂ ಕಷ್ಟ, ಏಕೆಂದರೆ ಅದರ ಮುಂದಿನ ಪ್ಲೇಟು ಚಿಕ್ಕದು ಮತ್ತು ಅದರಲ್ಲಿ ಲಾಂಛನಗಳಿರುವುದಿಲ್ಲ.

ದೇಶದ ಅಕ್ಷರಗಳನ್ನು ಇಂಗ್ಲಿಷ್ ಹೆಸರಿನಿಂದ ಊಹಿಸಹೋದರೂ ದಾರಿ ತಪ್ಪುತ್ತದೆ. ಜರ್ಮನಿ ತನ್ನ ನುಡಿಯ ಡಾಯ್ಚ್‌ಲಾಂಡ್‌ನಿಂದ D, ಸ್ಪೇನ್ ಎಸ್ಪಾನ್ಯಾದಿಂದ E, ಕ್ರೊಯೇಷಿಯಾ ಹ್ರವಾತ್ಸ್ಕಾದಿಂದ HR ಆಗಿವೆ. ನಾಲ್ಕು ಭಾಷೆಗಳ ಸ್ವಿಟ್ಜರ್ಲೆಂಡ್ ಯಾವ ಭಾಷೆಗೂ ಪಕ್ಷಪಾತ ಮಾಡದೆ ಲ್ಯಾಟಿನ್‌ನ ‘ಕಾನ್ಫೆಡರಾಟಿಯೊ ಹೆಲ್ವೆಟಿಕಾ’ ಎಂಬ ಹೆಸರಿನಿಂದ CH ತೆಗೆದುಕೊಂಡಿದೆ. ಶ್ರೀಲಂಕಾ ಮಾತ್ರ ತನ್ನ ಹಳೆಯ ಸಿಲೋನ್ ಹೆಸರಿನ CL ಅನ್ನು ಬಿಟ್ಟಿಲ್ಲ. ಬ್ರಿಟನ್ ತನ್ನ ಗುರುತನ್ನು 2021ರ ಸೆಪ್ಟೆಂಬರ್ 28ರಂದು GB ಬಿಟ್ಟು UK ಎಂದು ಬದಲಿಸಿತು. ಹಳೆಯ GB ಸ್ಟಿಕರನ್ನು ವಿದೇಶಕ್ಕೆ ಹೋಗುವ ಮುನ್ನ ತೆಗೆಯಬೇಕು ಅಥವಾ ಮುಚ್ಚಬೇಕು ಎಂಬುದು ಅಲ್ಲಿನ ಸರ್ಕಾರದ ಸೂಚನೆ.

ಸ್ಟಿಕರ್ ಮತ್ತು ಪ್ಲೇಟು ಒಂದಕ್ಕೊಂದು ಹೊಂದದ ಗಾಡಿಗಳೂ ಸಿಗುತ್ತವೆ. ನಮ್ಮಲ್ಲಿ ಕಾರು ಮಾರಿದರೆ ಅದರ ನಂಬರು ಸಾಮಾನ್ಯವಾಗಿ ಗಾಡಿಯ ಜೊತೆಗೇ ಹೋಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಪ್ಲೇಟು ಗಾಡಿಗಲ್ಲ, ಅದನ್ನು ಇಟ್ಟುಕೊಂಡವರಿಗೆ ಸೇರಿದ್ದು. ಅವರು ಕಾರು ಮಾರುವಾಗ ಪ್ಲೇಟನ್ನು ಬಿಚ್ಚಿಕೊಂಡು ಹೊಸ ಕಾರಿಗೆ ಹಾಕಿಸಿಕೊಳ್ಳುತ್ತಾರೆ. ಸ್ಟಿಕರ್ ಮಾತ್ರ ಹಳೆಯ ಕಾರಿನ ಡಿಕ್ಕಿಯಲ್ಲೇ ಉಳಿದು ಬೇರೆ ದೇಶದ ಕೊಳ್ಳುಗನ ಮನೆ ಸೇರಬಹುದು. ಹೀಗಾಗಿ CH ಸ್ಟಿಕರಿನ ಪಕ್ಕದಲ್ಲಿ ನೀಲಿ ಪಟ್ಟಿಯ ಪೋಲಿಷ್ PL ಕಂಡರೆ ಪ್ಲೇಟಿನ ಮಾತನ್ನೇ ನಂಬಬೇಕು. ಅಂಗೈಯಗಲದ, ಬಣ್ಣ ಬಣ್ಣದ, ಪ್ರವಾಸಿ ತಾಣಗಳ ಹೆಸರಿನ ಅಂಡಾಕಾರಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಈ ಅಕ್ಷರಗಳು ನೋಂದಣಿಯ ದೇಶವನ್ನು ಹೇಳುತ್ತವೆಯೇ ಹೊರತು ಚಾಲಕನ ದೇಶವನ್ನಲ್ಲ. ಹಾವೇರಿಯ ಗೆಳೆಯನೊಬ್ಬ ಗಡಿಯಾಚೆಯ ಲೋರಾಖ್‌ನಲ್ಲಿ ಮನೆ ಮಾಡಿಕೊಂಡು ಬಾಸೆಲ್‌ಗೆ ಕೆಲಸಕ್ಕೆ ಬರುತ್ತಾನೆ. ಅವನ ಕಾರಿನಲ್ಲಿ ನೀಲಿ ಪಟ್ಟಿಯ D ಇದೆ, ಅದರ ಪಕ್ಕದಲ್ಲಿ ಲೋರಾಖ್‌ನ LÖ ಇದೆ, ಒಳಗೆ ಮಾತ್ರ ಉತ್ತರ ಕರ್ನಾಟಕದ ಕನ್ನಡ ನಡೆದಿರುತ್ತದೆ.

ಇದನ್ನೆಲ್ಲ ಕೇಳಿದ ಮೇಲೆ ಕಾಕಾ, ತಮ್ಮ ಕಾರಿನ ಹೊಸ ಪ್ಲೇಟಿನ ಎಡಗಡೆ ಅಶೋಕ ಚಕ್ರದ ಕೆಳಗೆ ನೀಲಿಯಲ್ಲಿ IND ಎಂದು ಇದೆಯಲ್ಲ, ಅದು ನಡೆಯುವುದಿಲ್ಲವೇ ಎಂದರು. ಅಕ್ಷರಗಳು ಅವೇ, ಭಾರತದ ಅಂತರರಾಷ್ಟ್ರೀಯ ಗುರುತೂ IND ಎಂದೇ. ಆದರೆ ನಮ್ಮ ಪ್ಲೇಟಿನಲ್ಲಿ ಅವು ಬಹಳ ಸಣ್ಣವು, ಒಪ್ಪಂದ ಕೇಳುವ 8 ಸೆಂಟಿಮೀಟರಿನ ಹತ್ತಿರಕ್ಕೂ ಬರುವುದಿಲ್ಲ. ಗದಗಿನ ಕಾರು ಯುರೋಪಿನ ರಸ್ತೆಗೆ ಬರುವುದಾದರೆ ಡಿಕ್ಕಿಯ ಮೇಲೆ ಬಿಳಿ ಅಂಡಾಕಾರದಲ್ಲಿ, ಮೂರು ದೊಡ್ಡ ಕಪ್ಪು ಅಕ್ಷರಗಳ IND ಅನ್ನು ಬೇರೆಯಾಗಿಯೇ ಅಂಟಿಸಬೇಕು.